ನೀರು ಬಿದ್ದ ಗಾಜು

ಯೋಗೇಂದ್ರನ ಹೆಸರು ಕೇಳಿದರೆ ಇವತ್ತಿಗೂ ನನ್ನ ಬಾಯಿ ಕಹಿಯಾಗುತ್ತದೆ. ನನ್ನ ಹೆಸರು ನಾನೇ ಹೇಳಿಕೊಂಡರೂ ಅಷ್ಟೇ. ನಾನು ಬರೆಯಲು ಕೂತಿರುವುದು ಗೌತಮಿಯ ಬಗ್ಗೆ, ಆದರೆ ನಮ್ಮಿಬ್ಬರನ್ನು ಎಳೆದು ತರದೆ ಅವಳ ಕಥೆ ಹೇಳಲು ಆಗುವುದಿಲ್ಲ. ಅದೇ ಹೇಸಿಗೆ.

ಜಯಲಕ್ಷ್ಮಿಪುರಂನಲ್ಲಿ ಯೋಗೇಂದ್ರನ ಇಂಟೀರಿಯರ್ ಆಫೀಸಿದೆ. ನಾನು, ವಾಗೀಶ, ಅಲ್ಲಿ ಹನ್ನೊಂದು ವರ್ಷ ಸೈಟ್ ಸೂಪರ್‌ವೈಸರ್ ಆಗಿದ್ದೆ. ಕಲ್ಲು, ಗಾಜು, ಸ್ಟೀಲು ಕೂರಿಸುವುದು ನನ್ನ ಕೆಲಸ. ಗೌತಮಿ ಬಂದು ಮೂರು ವರ್ಷವಾಗಿತ್ತು. ಅವಳದು ಚಿತ್ರದ ಕೆಲಸ. ಮನೆ ಹೀಗಿರಬೇಕು, ಅಡುಗೆಮನೆ ಹೀಗಿರಬೇಕು ಎಂದು ಎಐಗೆ ಮಾತಿನಲ್ಲಿ ಬರೆದು ಕೊಟ್ಟರೆ, ಅದು ಅರ್ಧ ನಿಮಿಷದಲ್ಲಿ ಫೋಟೋ ತೆಗೆದಂಥ ಚಿತ್ರ ಕೊಡುತ್ತದೆ. ಗಿರಾಕಿ ಆ ಚಿತ್ರ ನೋಡಿ ಹೂಂ ಅನ್ನುತ್ತಾನೆ.

ಆ ಮಾತುಗಳೇ ಅವಳ ಬಂಡವಾಳ. ಯೋಗೇಂದ್ರ ಬರೆದರೆ ‘ಲಕ್ಷುರಿ, ಪ್ರೀಮಿಯಂ, ಗ್ಲಾಸಿ’ ಅಂತ ಮೂರು ಪದ. ಬರುತ್ತಿದ್ದ ಚಿತ್ರವೂ ಹಾಗೇ ಇರುತ್ತಿತ್ತು: ಕಲ್ಲು, ಸೋಫಾ, ಗೋಡೆ, ಎಲ್ಲಕ್ಕೂ ಹರಳೆಣ್ಣೆ ಬಳಿದ ಹಾಗೆ. ಗೌತಮಿ ಒಂದೊಂದು ವಸ್ತುವಿಗೂ ಬೆಳಕು ಬಿದ್ದಾಗ ಏನಾಗುತ್ತದೆ ಎಂದು ಬರೆಯುತ್ತಿದ್ದಳು. ಬರೀ ‘ಸ್ಟೀಲ್’ ಅಂದರೆ ಆ ಯಂತ್ರ ಕನ್ನಡಿಯಂಥ ತಗಡು ಕೊಡುತ್ತದೆ. ನಾವು ಹೇರ್‌ಲೈನ್ ಫಿನಿಶ್ ಅನ್ನುವ ಸ್ಟೀಲ್ ಬೇಕಾದರೆ ಯಂತ್ರಕ್ಕೆ ತಿಳಿಯುವ ಹೆಸರು ‘ಬ್ರಶ್ಡ್ ಸ್ಟೀಲ್’ ಎಂದು ಬರೆದು, ಗೆರೆಗಳು ಅಡ್ಡಕ್ಕಿವೆ, ಬೆಳಕು ಗೆರೆಗೆ ಅಡ್ಡವಾಗಿ ಮೇಲಿಂದ ಕೆಳಕ್ಕೆ ಮಂಕಾಗಿ ಎಳೆದುಕೊಂಡಿದೆ ಎಂದು ಹೇಳಬೇಕು. ಮಕಮಲ್ಲಾದರೆ ಎದುರಿನ ಭಾಗ ಕಪ್ಪಗೆ, ಮಡಿಕೆಯ ಅಂಚು ಬೆಳ್ಳಗೆ, ಕೈ ಸವರಿದ ಕಡೆ ಬೇರೆ ಬಣ್ಣ. ಅವಳು ಹಾಗೆ ಬರೆದ ಮೇಲೆ ಬಂದ ಚಿತ್ರವನ್ನು ಮುಟ್ಟಬೇಕು ಅನ್ನಿಸುತ್ತಿತ್ತು.

ಇದನ್ನೆಲ್ಲ ಯಾವ ಕಾಲೇಜಿನಲ್ಲಿ ಕಲಿತೆ ಎಂದು ಒಮ್ಮೆ ಕೇಳಿದ್ದೆ.

“ಕಾಲೇಜಲ್ಲ ಕಣಣ್ಣ, ನಮ್ಮವ್ವ” ಅಂದಳು.

ಅವಳ ತಾಯಿ ಸಾಕಮ್ಮ ಇಪ್ಪತ್ತೆರಡು ವರ್ಷ ಗ್ರಾನೈಟ್ ಅಂಗಳದಲ್ಲಿ ಕಲ್ಲು ಉಜ್ಜಿದವರು. ಒರಟು ಕಲ್ಲು ಒಣಗಿದ್ದಾಗ ಬೂದಿ ಬಳಿದುಕೊಂಡ ಹಾಗಿರುತ್ತದೆ. ಪಾಲಿಶ್ ಮಾಡಿದರೆ ಯಾವ ಬಣ್ಣ ಬರುತ್ತದೆಂದು ಗಿರಾಕಿಗೆ ತೋರಿಸಲು ಸಾಕಮ್ಮ ಅದರ ಮೇಲೆ ಒಂದು ಚೊಂಬು ನೀರು ಸುರಿಯುತ್ತಿದ್ದರು. ತಕ್ಷಣ ಕಲ್ಲು ಕಪ್ಪಾಗಿ, ಒಳಗಿನ ಹಸಿರು, ಕೆಂಪು ಎದ್ದು ಬರುತ್ತಿತ್ತು. ಮೇಲಿನ ತರಿತರಿಯಲ್ಲಿ ಚದುರುತ್ತಿದ್ದ ಬೆಳಕು, ಆ ತರಿಯನ್ನು ನೀರು ತುಂಬಿದ ಮೇಲೆ ಅಷ್ಟು ಚದುರುವುದಿಲ್ಲ. ಸಾಕಮ್ಮ ಇದನ್ನು ಹೇಳುತ್ತಿದ್ದುದು ಒಂದೇ ಮಾತಲ್ಲಿ: “ನೀರು ಬಿದ್ರೆ ಕಲ್ಲು ಸುಳ್ಳು ಹೇಳಾಕಿಲ್ಲ.” ಶಾಲೆ ಬಿಟ್ಟ ಮೇಲೆ ಅಂಗಳದಲ್ಲಿ ಕೂತು ಮಗಳು ನೋಡಿದ್ದು ಅದನ್ನೇ.

ಹೋದ ವರ್ಷ ಹಿನಕಲ್‌ನಲ್ಲಿ ಒಂದು ಕೆಲಸ ಸಿಕ್ಕಿತು. ಲಕ್ಷ್ಮೀನರಸಿಂಹ ಎಂಬ ನಿವೃತ್ತ ಮೇಷ್ಟರು ತಮ್ಮ ಕಟ್ಟಡವನ್ನು ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಾಸ್ಟೆಲ್ ಮಾಡುತ್ತಿದ್ದರು. ಮಹಡಿಯಲ್ಲಿ ಉದ್ದಕ್ಕೆ ಓಣಿಯಂಥ ಕಾರಿಡಾರು, ಅದಕ್ಕೆ ಅಂಟಿಕೊಂಡು ಆರು ಸ್ನಾನದ ಕೋಣೆ. ನೀರಿನ ಕ್ಯಾನಿನವನು, ಕರೆಂಟ್ ರಿಪೇರಿಯವನು, ವಾಚ್‌ಮನ್ ಎಲ್ಲರೂ ಓಡಾಡುವ ಕಾರಿಡಾರದು. ಅಲ್ಲಿ ಇಟ್ಟಿಗೆಯ ಗೋಡೆ ಬರಬೇಕಿತ್ತು. ಆದರೆ ಯೋಗೇಂದ್ರನ ಗೋದಾಮಿನಲ್ಲಿ ಯಾವುದೋ ಆಫೀಸಿಗೆ ತಂದು ಉಳಿದ ಫ್ರಾಸ್ಟೆಡ್ ಗಾಜಿನ ಹಲಗೆಗಳು ಧೂಳು ತಿನ್ನುತ್ತಿದ್ದವು. ಒಂದು ಮುಖ ನುಣ್ಣಗೆ, ಇನ್ನೊಂದು ಮುಖ ಮರಳು ಹೊಡೆದು ಬೆಳ್ಳಗೆ ತರಿ ಮಾಡಿದ್ದು.

“ಕಾರಿಡಾರಿಗೆ ಬೆಳಕು ಬರತ್ತೆ ಸಾರ್, ಮಾಡರ್ನ್ ಲುಕ್ಕು” ಎಂದು ಯೋಗೇಂದ್ರ ಮೇಷ್ಟರಿಗೆ ಹೇಳಿ, ಚಿತ್ರ ಮಾಡಲು ಗೌತಮಿಗೆ ಒಪ್ಪಿಸಿದ. ತರಿ ಮುಖ ಒಳಕ್ಕೆ, ನುಣುಪು ಮುಖ ಹೊರಕ್ಕೆ. ಹೊರಗೆ ಫಳಫಳ ಅನ್ನಬೇಕಲ್ಲ.

ಗೌತಮಿ ಎರಡು ದಿನ ಕೂತಳು. ನೀರು ಹರಿಯುತ್ತಿದೆ ಎಂದು ಬರೆದಳು. ಚಿತ್ರದಲ್ಲಿ ಹಾಲಿನಂಥ ಗಾಜು, ಅದರ ಮೇಲೆ ಮುತ್ತಿನಂಥ ಹನಿ. ನೀರು ಹರಿದ ಕಡೆ ಗಾಜು ತಿಳಿಯಾಗಿದೆ, ಒಳಗಿನ ನಲ್ಲಿ, ಬಕೆಟ್ಟು ಕಾಣುತ್ತಿದೆ ಎಂದು ಬರೆದಳು. ಮತ್ತೆ ಅದೇ ಹಾಲು, ಅದೇ ಮುತ್ತು. ಒಂದು ಸಲ ತಿಳಿ ಗಾಜೇ ಬಂತು, ಫ್ರಾಸ್ಟೇ ಮಾಯ. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ.

“ಇದು ಗಾಜು ನೋಡಿಲ್ಲ ವಾಗೀಶಣ್ಣ, ಗಾಜಿನ ಫೋಟೋ ನೋಡಿದೆ” ಅಂದಳು. “ಜಾಹೀರಾತಿನೋರು ಅಂದವಾಗಿರೋದನ್ನೇ ತೆಗ್ದಿರ್ತಾರೆ. ಒದ್ದೆಯಾಗಿ ಒಳಗೆಲ್ಲ ಕಾಣೋ ಬಚ್ಚಲನ್ನ ಯಾರು ಫೋಟೋ ತೆಗೆದು ಹೆಸರು ಬರೆದು ಹಾಕ್ತಾರೆ? ಹಂಗಾಗಿ ಆ ಮಾತು ಹೇಳಿದ್ರೆ ಇದಕ್ಕೆ ತೋರ್ಸೋಕೆ ಬರ್ತಿಲ್ಲ. ಅದೂ ಅಲ್ದೆ, ಒಳಗಿರೋಳು ಗಾಜಿಂದ ದೂರ ಇದ್ರೆ ಮಸುಕು. ಹತ್ರ ಬಂದ್ರೆ ಒಣಗಿದ್ದಾಗ್ಲೂ ಮೈಯ ಗೆರೆ ಕಾಣತ್ತೆ. ಇದ್ರಲ್ಲಿ ನೋಡಿ, ಎಲ್ಲಿ ನಿಂತ್ರೂ ಒಂದೇ ಮಂಜು.”

ಅವಳು ಚಿತ್ರ ಕೊಡಲಿಲ್ಲ. ಗೋದಾಮಿನಿಂದ ಗಾಜಿನ ತುಂಡು ತಂದು ಯೋಗೇಂದ್ರನ ಮೇಜಿನ ಮೇಲೆ ದಿನಪತ್ರಿಕೆ ಹಾಸಿ, ಅದರ ಮೇಲೆ ಎರಡು ಬೆರಳು ಎತ್ತರಕ್ಕೆ ತರಿ ಮುಖ ಮೇಲಾಗಿ ಹಿಡಿದಳು. ಅಕ್ಷರ ಕಾಣಲಿಲ್ಲ. ಕುಡಿಯುವ ಲೋಟದ ನೀರು ಸುರಿದಳು. ಹೆಡ್ಡಿಂಗು ಓದುವಷ್ಟು ಕಂಡಿತು.

“ಸರ್, ಒಳಗೆ ದೀಪ ಹಾಕ್ಕೊಂಡು ಸ್ನಾನ ಮಾಡಿದ್ರೆ ಹೊರಗಡೆಯೋರಿಗೆ ಹಿಂಗೇ ಕಾಣತ್ತೆ. ಗೋಡೆ ಕಟ್ಟಿಸಿ.”

ಯೋಗೇಂದ್ರ ಮೇಜು ಒರೆಸಲು ಹೇಳಿದ. ಆಮೇಲೆ ನಕ್ಕ. ಆ ನಗು ನೆನೆದರೆ ಈಗಲೂ ಉಗಿಯಬೇಕು ಅನ್ನಿಸುತ್ತದೆ. “ಒಣಗಿದ ಮೇಲೆ ಮತ್ತೆ ಬೆಳ್ಳಗಾಗುತ್ತಲ್ಲಮ್ಮ? ಗಿರಾಕಿ ಲೋಟ ತಗೊಂಡು ಬರಲ್ಲ, ವಾಟ್ಸಾಪ್ ನೋಡ್ತಾನೆ. ಕಲ್ಲು ಉಜ್ಜೋರ ಮಗಳು ನಮಗೆ ಗಾಜಿನ ಪಾಠ ಹೇಳೋ ಹಂಗಾಯ್ತು!”

ನಾನು ಅಲ್ಲೇ ಇದ್ದೆ. ಬಟ್ಟೆ ತಂದು ಮೇಜು ಒರೆಸಿದೆ. ಗೌತಮಿ ಗಾಜಿನ ತುಂಡನ್ನು ದುಪಟ್ಟದಲ್ಲಿ ಒರೆಸಿಕೊಂಡು ಹೊರಗೆ ಹೋದಳು. ಅವಳು ಮೂರು ವರ್ಷ ಕೂಡಿಸಿಟ್ಟಿದ್ದ ಮಾತುಗಳ ಫೈಲು ಆಫೀಸಿನ ಕಂಪ್ಯೂಟರಿನಲ್ಲೇ ಇತ್ತು. ಯೋಗೇಂದ್ರ ಅದನ್ನು ತೆರೆದು, ಫ್ರಾಸ್ಟೆಡ್ ಗಾಜು ಅಂತ ಇದ್ದ ಸಾಲುಗಳನ್ನು ಎತ್ತಿ ಎಐಗೆ ಕೊಟ್ಟು, ತಾನೇ ಚಿತ್ರ ಮಾಡಿದ. ಅವಳ ಮಾತಿನಿಂದಲೇ ಅಷ್ಟು ಚೆನ್ನಾದ ಸುಳ್ಳು ಬಂತು. ಮೇಷ್ಟರು ನೋಡಿ, ಹನಿಗಳು ಎಷ್ಟು ನಿಜವಾಗಿವೆ ಎಂದು ಮೆಚ್ಚಿಕೊಂಡರಂತೆ.

ಗಾಜು ಕೂರಿಸುವ ಹಿಂದಿನ ದಿನ ಗೌತಮಿ ನನ್ನ ಹತ್ತಿರ ಬಂದಳು.

“ಅಣ್ಣ, ಗೋಡೆ ನಿಮ್ಮ ಕೈಲಿಲ್ಲ, ಗೊತ್ತು. ತರಿ ಮುಖ ಹೊರಕ್ಕಾದ್ರೂ ತಿರುಗಿಸಿ ಕೂರಿಸ್ಬುಡಿ. ಒಳಗಿನ ನೀರು ನುಣುಪಿನ ಮೇಲೆ ಬೀಳ್ಲಿ. ಅಷ್ಟಾದ್ರೂ ಮಾಡಿ.”

“ಮಾಡ್ತೀನಿ ಕಣಮ್ಮ” ಅಂದೆ.

ಮಾಡಲಿಲ್ಲ. ಯೋಗೇಂದ್ರ ಬೆಳಿಗ್ಗೆಯೇ ಸೈಟಿಗೆ ಬಂದು ನಿಂತಿದ್ದ. ಅವನೆದುರು ಬಾಯಿ ತೆಗೆಯಲು ನನಗೆ ಹೆದರಿಕೆಯಿತ್ತು ಎಂದರೆ ಅರ್ಧ ನಿಜ. ಬೇರೆಯವರ ಮನೆ ಹೆಣ್ಣುಮಕ್ಕಳಿಗಾಗಿ ನಾನೇಕೆ ಮೈಮೇಲೆ ಎಳೆದುಕೊಳ್ಳಲಿ ಅನ್ನಿಸಿತು ಎಂಬುದು ಇನ್ನರ್ಧ. ಆರೂ ಗಾಜುಗಳನ್ನು ತರಿ ಮುಖ ಒಳಕ್ಕೆ ಮಾಡಿ, ಸಿಲಿಕಾನ್ ಹಚ್ಚಿ, ಅಂಚು ಒರೆಸಿ ಬಂದೆ. ಕೆಲಸ ಮಾತ್ರ ಅಚ್ಚುಕಟ್ಟು.

ಸೋಮವಾರ ಹದಿನಾರು ಹೆಣ್ಣುಮಕ್ಕಳು ಬರುವವರಿದ್ದರು. ಶನಿವಾರ ಮಧ್ಯಾಹ್ನ ಮೇಷ್ಟರಿಗೆ ಕೆಲಸ ಒಪ್ಪಿಸಲು ಯೋಗೇಂದ್ರ, ನಾನು ಹೋಗಿದ್ದೆವು. ಗೌತಮಿಯನ್ನು ಯಾರೂ ಕರೆದಿರಲಿಲ್ಲ. ಅವಳು ಬಸ್ಸಿನಲ್ಲಿ ಬಂದು ಕಾರಿಡಾರಿನಲ್ಲಿ ನಿಂತಿದ್ದಳು. ಒಂದು ಸ್ನಾನದ ಕೋಣೆಯ ಬಾಗಿಲು ತೆರೆದು, ಗಾಜಿನ ಒಳಮುಖವನ್ನು ಉಗುರಿನಿಂದ ಒಮ್ಮೆ ಗೀರಿ ನೋಡಿದಳು. ತರಿ ಎಂದು ತಿಳಿಯಿತು. ನನ್ನ ಕಡೆ ನೋಡಲಿಲ್ಲ.

“ಸಾರ್” ಎಂದು ಮೇಷ್ಟರಿಗೆ ಕೈಮುಗಿದಳು. “ನಿಮಗೆ ಕಳಿಸಿದ ಚಿತ್ರ ಸುಳ್ಳು. ನಾನು ಬಾಯಲ್ಲಿ ಹೇಳಿದ್ರೆ ನೀವು ನಂಬಬೇಕಾಗಿಲ್ಲ. ಎರಡು ನಿಮಿಷ ಇಲ್ಲೇ ನಿಂತಿರಿ.”

ಯೋಗೇಂದ್ರ “ಏಯ್, ಏನಮ್ಮಾ ಇದು” ಅನ್ನುವಷ್ಟರಲ್ಲಿ ಅವಳು ಒಳಗೆ ಹೋಗಿ ಚಿಲಕ ಹಾಕಿದಳು. ದೀಪ ಹತ್ತಿತು. ಗಾಜು ಬೆಳ್ಳಗೆ, ಹಾಲಿನ ಹಾಗೆ, ಥೇಟ್ ಚಿತ್ರದ್ದೇ ಗಾಜು. ಮೇಷ್ಟರು ಏನೂ ಕಾಣಲ್ವಲ್ಲ ಅಂದರು. ಯೋಗೇಂದ್ರ ಉಸಿರು ಬಿಟ್ಟ.

ಆಮೇಲೆ ಶವರಿನ ಸದ್ದು ಬಂತು. ಅವಳು ನೀರನ್ನು ಗಾಜಿನ ಮೇಲೆ ತಿರುಗಿಸಿದಳು. ಮೇಲಿನಿಂದ ಕೆಳಕ್ಕೆ, ಪರದೆ ಸರಿದ ಹಾಗೆ, ಗಾಜು ತಿಳಿಯಾಗುತ್ತ ಬಂತು. ಮೊದಲು ನಲ್ಲಿ ಕಂಡಿತು. ಆಮೇಲೆ ಅವಳ ತಲೆ, ಭುಜ. ಚೂಡಿದಾರ ಹಾಕಿಕೊಂಡೇ ತೋಯುತ್ತ, ಕೈಗಳನ್ನು ಪಕ್ಕಕ್ಕೆ ಬಿಟ್ಟು, ನಮ್ಮ ಕಡೆಗೇ ಮುಖ ಮಾಡಿ ನಿಂತಿದ್ದಳು. ಬಟ್ಟೆ ಮೈಗೆ ಅಂಟಿಕೊಂಡಿತ್ತು. ಅವಳು ಸರಿಪಡಿಸಿಕೊಳ್ಳಲಿಲ್ಲ.

ಲಕ್ಷ್ಮೀನರಸಿಂಹ ಮೇಷ್ಟರು ತಕ್ಷಣ ಹಿಂದಿನ ಗೋಡೆಯ ಕಡೆ ತಿರುಗಿಬಿಟ್ಟರು. “ನಿಲ್ಸಮ್ಮಾ, ಸಾಕು, ನಿಲ್ಸು ತಾಯಿ” ಎಂದು ಕೂಗಿದರು. ನೀರು ನಿಂತಿತು. ಯೋಗೇಂದ್ರ ಮೊಬೈಲ್ ತೆಗೆದು, “ಚಿತ್ರದಲ್ಲಿ ಹಿಂಗಿರ್ಲಿಲ್ಲ ಸಾರ್, ಇದು ಗಾಜಿನವನ ಮೋಸ” ಎಂದು ಶುರುಮಾಡಿದ. ಮೇಷ್ಟರು ಗೋಡೆ ನೋಡುತ್ತಲೇ, “ಸೋಮವಾರ ಯಾರೂ ಬರೋದು ಬೇಡ ಅಂತ ನಾನೇ ಹೇಳ್ತೀನಿ. ಈ ಗಾಜೆಲ್ಲ ಕಿತ್ತು ಹಾಕಿ. ಇಟ್ಟಿಗೆ ಗೋಡೆ ಕಟ್ಟಿ. ನೀವಲ್ಲ, ಬೇರೆಯೋರು ಕಟ್ತಾರೆ” ಅಂದರು.

ಗೌತಮಿ ಹೊರಗೆ ಬಂದಳು. ಮೇಷ್ಟರ ಹೆಂಡತಿ ಓಡಿ ಬಂದು ಟವಲು ಹೊದಿಸಿದರು. ಅದನ್ನು ಸುತ್ತಿಕೊಂಡು ನನ್ನ ಪಕ್ಕದಲ್ಲೇ ಹಾದು ಹೋದಳು, ಮೆಟ್ಟಿಲ ಹತ್ತಿರ ನಿಂತಳು. ಬೈಯುತ್ತಾಳೆ ಅಂದುಕೊಂಡೆ. ಗಾಜು ತಿರುಗಿಸದಿದ್ದುದಕ್ಕೆ ಕಾರಣ ಹೇಳಲು ಬಾಯಲ್ಲಿ ಮಾತು ಸಿದ್ಧಮಾಡಿಕೊಂಡಿದ್ದೆ.

ಅವಳು ಗಾಜು ತಿರುಗಿಸುವ ಮಾತೆತ್ತಲಿಲ್ಲ. “ನೀರು ಬಿದ್ರೆ ಎರಡೂ ಕಡೆಯಿಂದ ಕಾಣತ್ತೆ” ಅಂದಳು. “ಮೇಷ್ಟ್ರು ತಿರುಗಿಕೊಂಡ್ರು. ನಾನು ಶವರ್ ನಿಲ್ಸೋವರೆಗೂ ನೀವು ನೋಡ್ತಾನೇ ಇದ್ರಿ.”