ಪಾಲಿನ ಹಸು

ಪಿರಿಯಾಪಟ್ಟಣದಲ್ಲಿ ವಕೀಲಿಕೆ ಮಾಡಿಕೊಂಡು ನನ್ನ ತಲೆಗೂದಲು ಬೆಳ್ಳಗಾಗಿದೆ. ಜಮೀನಿನ ತಕರಾರುಗಳೇ ಜಾಸ್ತಿ. ಅಂಥವುಗಳ ನಡುವೆ ಬರುವ ವಿಮೆ ಕೇಸು ನನಗೆ ಹಬ್ಬದೂಟ. ಇಲ್ಲಿ ಗಟ್ಟಿಯಾಗಿ ಕೂಗಾಡಿದವನು ಗೆಲ್ಲುವುದಿಲ್ಲ, ಯಾರು ಯಾರಿಗೆ ಏನು ಹೇಳಿದರು ಅನ್ನುವುದೇ ಎಲ್ಲ.

ಕಂಪಲಾಪುರದ ಕಡೆಯ ಹೆಣ್ಣುಮಗಳೊಬ್ಬಳು ಬಂದದ್ದು ಒಂದು ಬೆಳಿಗ್ಗೆ, ಡೈರಿಗೆ ಹಾಲು ಹಾಕಿ ಹಾಗೇ ಬಸ್ಸು ಹತ್ತಿಕೊಂಡು. ಪಕ್ಕದ ಮನೆಯ ಯಜಮಾನ, ಎಪ್ಪತ್ತು ದಾಟಿದವರು, ಜೊತೆಯಲ್ಲಿದ್ದರು. ಅವಳ ಸೀಮೆ ಹಸು ಕಾಯಿಲೆಯಿಂದ ಸತ್ತಿತ್ತು. ವಿಮೆ ಇತ್ತು, ಕಿವಿಯಲ್ಲಿ ವಿಮೆಯ ನಂಬರಿನ ಓಲೆ ಇತ್ತು, ಪಶುವೈದ್ಯರ ವರದಿ ಸರಿಯಾಗಿತ್ತು. ಆದರೂ ಕಂಪನಿ ಕ್ಲೇಮು ತಿರಸ್ಕರಿಸಿತ್ತು. ಕೊಟ್ಟಿಗೆಯಲ್ಲಿ ಈಗ ಉಳಿದಿದ್ದದ್ದು ಹಾಲು ಬತ್ತುತ್ತಿದ್ದ ಒಂದು ನಾಟಿ ಹಸು ಮಾತ್ರ. ವಿಮೆ ಬಂದರೆ ಇನ್ನೊಂದು ಸೀಮೆ ಹಸು, ಬರದಿದ್ದರೆ ಕೂಲಿ. ಇದನ್ನು ಅವಳು ಅಳದೆ, ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು.

ಕಂಪನಿಯ ಕಾಗದ ಓದಿ ನನಗೆ ಸಿಟ್ಟು ನೆತ್ತಿಗೇರಿತು. ಎರಡು ಕಾರಣ ಕೊಟ್ಟಿದ್ದರು. ಹಸು ಇವಳದ್ದಲ್ಲ, ಹಾಗಾಗಿ ಅದರ ಮೇಲೆ ವಿಮಾ ಹಿತಾಸಕ್ತಿಯೇ ಇಲ್ಲ. ಎರಡನೆಯದು, ಆ ಸಂಗತಿಯನ್ನು ಮರೆಮಾಚಿ ವಿಮೆ ಪಡೆದಿದ್ದಾಳೆ. ಅವರ ತನಿಖೆಯವನು ಊರಿಗೆ ಬಂದು ಅರಳಿಕಟ್ಟೆಯ ಮೇಲೆ ಕೂತಿದ್ದವರನ್ನು ಕೇಳಿದ್ದ. ಅವರು ಇದ್ದದ್ದನ್ನೇ ಹೇಳಿದ್ದರು.

ಇದ್ದದ್ದು ಇಷ್ಟು. ಹಸು ಆ ಯಜಮಾನರದ್ದು. ಕರುವಾಗಿದ್ದಾಗಲೇ ಇವಳಿಗೆ ಪಾಲಿಗೆ ಕೊಟ್ಟಿದ್ದರು. ನಮ್ಮ ಕಡೆ ಇದು ಮಾಮೂಲು. ಸಾಕುವವರಿಗೆ ಹಾಲು, ಹುಟ್ಟುವ ಕರು ಒಂದು ಅವರಿಗೆ, ಒಂದು ಇವರಿಗೆ, ಹಸು ಮಾರಿದರೆ ಬಂದದ್ದರಲ್ಲಿ ಅರ್ಧ ಅರ್ಧ. ತಾನಾಗಿ ಸತ್ತರೆ ಯಾರೂ ಯಾರಿಗೂ ಕಟ್ಟಿಕೊಡಬೇಕಿಲ್ಲ, ಇಬ್ಬರೂ ಕಳೆದುಕೊಂಡ ಹಾಗೆ. ಇದಕ್ಕೆ ಕಾಗದ ಪತ್ರ ಮಾಡಿಕೊಂಡವರನ್ನು ನಾನಂತೂ ಕಂಡಿಲ್ಲ.

"ಏಜೆಂಟು ಯಾರ್ದಮ್ಮ ಅಸ ಅಂದ್ರು, ನಮ್ದು ಅಂದೆ ಸಾ," ಎಂದಳು ಅವಳು. "ಪಾಲ್ಗ್ ತಂದಿದ್ರೂವೆ ನಮ್ಮಸ ಅಂತ್ಲೇ ಅಲ್ವಾ ಅನ್ನೋದು? ಸುಳ್ ಯಾಕ್ ಏಳ್ಲಿ?"

ಏಜೆಂಟ್ ಅರ್ಜಿಯಲ್ಲಿ ಮಾಲೀಕರ ಜಾಗದಲ್ಲಿ ಅವಳ ಹೆಸರು ಬರೆದ. ಇಂಗ್ಲಿಷ್ ಅರ್ಜಿ, ಕನ್ನಡದ ರುಜು. ಪಾಲಿಗೆ ತಂದದ್ದನ್ನು ನಮ್ಮದು ಅನ್ನದೆ ಬೇರೆಯವರದ್ದು ಅಂದರೆ ನಮ್ಮೂರುಗಳಲ್ಲಿ ಅಪಶಕುನ ನುಡಿದ ಹಾಗೆ. ಅವಳ ತಪ್ಪು ಅಷ್ಟೇ.

ಯಜಮಾನರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. "ಇದೆಲ್ಲ ಯಾಕೆ ಸಾ? ಅಸ ಅವ್ಳ್ಗೆ ಆಗ್ಲೇ ಮಾರ್ಬುಟ್ಟೆ ಅಂತ ಒಂದ್ ರಸೀತಿ ಬರ್ಕೊಡ್ತೀನಿ. ತಾರೀಕು ಇಂದ್ಕೆ ಆಕಂದ್ರಾಯ್ತು. ಎಣ್ಮಗ, ಬದುಕ್ಲಿ ಬುಡಿ."

ಅವರ ಒಳ್ಳೆಯತನ ನೋಡಿ ನಗು ಬಂತು, ಭಯವೂ ಆಯಿತು. ವಿಮೆಯ ಒಪ್ಪಂದ ಸಂತೆ ವ್ಯಾಪಾರದ ಹಾಗಲ್ಲ ಎಂದು ಬಿಡಿಸಿ ಹೇಳಿದೆ. ಸಂತೆಯಲ್ಲಿ ಹಲ್ಲು ಹಿಡಿದು ನೋಡಿಕೊಳ್ಳುವುದು ಕೊಳ್ಳುವವನ ಕೆಲಸ. ಇಲ್ಲಿ ಕಂಪನಿಯವನು ಕೂತಲ್ಲಿಂದಲೇ ನಮ್ಮ ಮಾತು ನಂಬಿ ಹೊರೆ ಹೊರುತ್ತಾನೆ. ಅದಕ್ಕೇ ನಮಗೆ ಗೊತ್ತಿರುವ ಮುಖ್ಯ ಸಂಗತಿಯನ್ನು ನಾವೇ ಹೇಳಬೇಕು, ಅವನೂ ನಮ್ಮೊಡನೆ ಅಷ್ಟೇ ನಿಯತ್ತಾಗಿರಬೇಕು. ಕಾನೂನು ಇದನ್ನು ಪರಮ ಸದ್ಭಾವ ಅನ್ನುತ್ತದೆ. ಈಗ ಸುಳ್ಳು ರಸೀತಿ ತಂದರೆ ಇಲ್ಲಿಯವರೆಗೆ ಇರದಿದ್ದ ಮೋಸವನ್ನು ನಾವೇ ಹುಟ್ಟಿಸಿದಂತೆ, ಇರುವ ಹಕ್ಕೂ ಮಣ್ಣುಪಾಲು.

"ಅಂಗಾರೆ ನಿಜ ಏಳುದ್ರೆ ಸೋಲಲ್ವಾ?" ಎಂದಳು ಅವಳು.

"ನಿಜದಲ್ಲೇ ನಿನ್ನ ಕೇಸಿರೋದು ಕಣಮ್ಮ," ಎಂದೆ. ವಿಮೆ ಮಾಡಿಸಲು ಮಾಲೀಕಳೇ ಆಗಬೇಕೆಂದಿಲ್ಲ. ಅದು ಉಳಿದರೆ ಲಾಭ, ಹೋದರೆ ನಷ್ಟ ಅನ್ನುವಂಥ ನ್ಯಾಯವಾದ ನಂಟಿದ್ದರೆ ಸಾಕು. ಹಸು ಸತ್ತ ದಿನ ಇವಳು ಹಾಲು ಕಳೆದುಕೊಂಡಳು, ಕರುವಿನ ಪಾಲು ಕಳೆದುಕೊಂಡಳು. ಇದಕ್ಕಿಂತ ಹಿತಾಸಕ್ತಿ ಇನ್ನೇನು ಬೇಕು?

ನನಗೆ ಅಳುಕಿದ್ದದ್ದು ಎರಡನೆಯ ಕಾರಣದ ಬಗ್ಗೆ. ರುಜು ಹಾಕಿದ ಮೇಲೆ ಏಜೆಂಟ್ ಬರೆದದ್ದು ಅನ್ನುವ ಮಾತು ಎಲ್ಲ ಸಲವೂ ನಡೆಯುವುದಿಲ್ಲ. ಆದರೆ ಹೇಳದೆ ಉಳಿದದ್ದೆಲ್ಲ ವಿಮೆಯನ್ನು ಮುರಿಯುವುದೂ ಇಲ್ಲ. ಅದು ತಿಳಿದಿದ್ದರೆ ಕಂಪನಿ ವಿಮೆ ಕೊಡುತ್ತಿರಲಿಲ್ಲ, ಇಲ್ಲವೇ ಕಂತು ಬೇರೆಯಾಗುತ್ತಿತ್ತು ಅನ್ನುವಷ್ಟು ಅದು ಮುಖ್ಯವಾಗಿರಬೇಕು. ಹಾಗಿತ್ತೆಂದು ತೋರಿಸುವ ಹೊಣೆ ಕಂಪನಿಯದ್ದು.

ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಹಾಕಿದೆವು. ಯಜಮಾನರು ರಸೀತಿಯ ಬದಲು ಪಾಲಿನ ಕರಾರನ್ನು ಇದ್ದಹಾಗೇ ಹೇಳಿ ಪ್ರಮಾಣಪತ್ರ ಕೊಟ್ಟರು. ಆಯೋಗದ ಅನುಮತಿ ಪಡೆದು ನಾನು ಕಂಪನಿಗೆ ಬರಹದಲ್ಲಿ ಪ್ರಶ್ನೆ ಕೇಳಿದೆ. ಪಾಲಿನ ಹಸು ಎಂದು ಹೇಳಿದ್ದರೆ ಏನು ಮಾಡುತ್ತಿದ್ದಿರಿ? ಅವರ ಅಧಿಕಾರಿ ಸುತ್ತಿ ಬಳಸಿ ಕೊನೆಗೆ ಉತ್ತರ ಕೊಟ್ಟರು. ಕಂತು ನಿಗದಿಯಾಗುವುದು ಹಸುವಿನ ವಯಸ್ಸು, ಬೆಲೆ, ಅವಧಿಯ ಮೇಲೆ. ಅದರಲ್ಲಿ ಬದಲಾವಣೆ ಇರುತ್ತಿರಲಿಲ್ಲ. ಮಾಲೀಕರ ಒಪ್ಪಿಗೆ ಪತ್ರ ಕೇಳಿ ವಿಮೆ ಕೊಡುತ್ತಿದ್ದೆವು. ಓದಿದವನೇ ಕಚೇರಿಯಲ್ಲಿ ಒಬ್ಬನೇ ಮೇಜು ಗುದ್ದಿದೆ. ಆ ಒಪ್ಪಿಗೆ ಕೊಡಬೇಕಾದ ಯಜಮಾನರು ಪ್ರತಿ ವಾಯಿದೆಗೂ ಅವಳ ಜೊತೆ ಬಸ್ಸಿನಲ್ಲಿ ಬರುತ್ತಿದ್ದರಲ್ಲ!

ವಾದದ ದಿನ ಅಧ್ಯಕ್ಷರು ಕಡತದಿಂದ ತಲೆಯೆತ್ತಿ ನೇರವಾಗಿ ಅವಳನ್ನೇ ಕೇಳಿದರು. "ಏನಮ್ಮ, ಹಸು ನಿಮ್ಮದಾ?"

ಬಾಯಿ ತಪ್ಪಿ ಅಭ್ಯಾಸಬಲದಿಂದ ನಮ್ಮದು ಅಂದುಬಿಟ್ಟರೆ ಎಲ್ಲ ಮುಗಿಯಿತು.

"ಅಲ್ಲ ಸಾ, ಈ ತಾತಂದು," ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ಸತ್ತಾಗ ಓಗಿದ್ದು ಇಬ್ರದೂವೆ," ಎಂದಳು.

ಅಧ್ಯಕ್ಷರು ಕಂಪನಿಯ ವಕೀಲರ ಕಡೆ ನೋಡಿದರು. ಅವರು ನನ್ನ ಹಳೆಯ ಸ್ನೇಹಿತರು. ಹೊರಗೆ ಬಂದ ಮೇಲೆ, ನಿಮ್ಮ ವಾದ ಏನೇ ಇರಲಿ, ನನ್ನನ್ನು ಸೋಲಿಸಿದ್ದು ಆ ಮಾತೇ ಎಂದು ನಕ್ಕು ಕಾಫಿ ಕೊಡಿಸಿದರು.

ಆದೇಶ ನಮ್ಮ ಪರವಾಗಿ ಬಂತು. ಸಾಕುವವಳಿಗೆ ಹಿತಾಸಕ್ತಿ ಇದೆ, ಹೇಳದೆ ಉಳಿದದ್ದು ಬೇಕೆಂದು ಮುಚ್ಚಿಟ್ಟದ್ದಲ್ಲ, ಮುಖ್ಯ ಸಂಗತಿಯೂ ಅಲ್ಲ, ಕಂಪನಿ ಪೂರ್ತಿ ಮೊತ್ತ ಕೊಡಬೇಕು. ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದ್ದರು. ಇದರಲ್ಲಿ ಮಾಲೀಕರ ಪಾಲಿನ ಅರ್ಧ ಆಕೆ ಅವರ ಪರವಾಗಿ ಪಡೆದಂತೆ, ಅದನ್ನು ಅವರಿಗೆ ಸಲ್ಲಿಸತಕ್ಕದ್ದು.

ಇಬ್ಬರನ್ನೂ ಕರೆಸಿ ಓದಿ ಹೇಳಿದೆ. ಅವಳು ಕೊನೆಯ ಸಾಲಿಗೆ ತಲೆಯಾಡಿಸಿ, "ಅದು ಸರಿನೇ ಅಲ್ವಾ," ಎಂದಳು. ಯಜಮಾನರು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು.

"ನಂಗೂ ಐತಾ ಸಾ?"

ಆಗ ನನಗೆ ಹೊಳೆಯಿತು. ಕಂತು ಕಟ್ಟಿದವಳು ಅವಳು, ವಿಮೆ ಅವಳದ್ದು, ಬರುವುದೆಲ್ಲ ಅವಳಿಗೇ ಅಂತ ಅವರು ಮೊದಲಿನಿಂದಲೂ ತಿಳಿದುಕೊಂಡಿದ್ದರು. ಬಿಡಿಗಾಸೂ ತನಗೆ ಬರುವುದಿಲ್ಲ ಎಂದುಕೊಂಡೇ ಮೈಸೂರಿಗೆ ಅಲೆದಿದ್ದರು. ಅವತ್ತು ಸುಳ್ಳು ರಸೀತಿ ಬರೆದುಕೊಟ್ಟಿದ್ದರೆ ಈ ಅರ್ಧವೂ ಅವರ ಕೈ ಬಿಟ್ಟು ಹೋಗುತ್ತಿತ್ತು, ಅವರಿಗೆ ಗೊತ್ತೂ ಆಗುತ್ತಿರಲಿಲ್ಲ.

"ನಿಮ್ಮದೇ ಯಜಮಾನ್ರೇ, ಅರ್ಧ," ಎಂದೆ.

ಅವರು ಅವಳ ಕಡೆ ತಿರುಗಿದರು. "ಅಂಗಾರೆ ಅದ್ನೂ ಸೇರ್ಸ್ಕಂಡು ಒಳ್ಳೆ ಅಸನೇ ತಕ್ಕಳವ್ವ. ಪಾಲ್ಗೇ ಇರ್ಲಿ."