ಗಂಗರತ್ನಮ್ಮನ ಸರಾಸರಿ

ಯಲಹಂಕದ ಮೈದಾನದಲ್ಲಿ ಗಂಗರತ್ನಮ್ಮ ಖೋ-ಖೋ ಹೇಳಿಕೊಡಲು ಶುರು ಮಾಡಿ ಇಪ್ಪತ್ತು ವರ್ಷವಾಯಿತು. ಹುಡುಗಿಯರು ಬಿದ್ದು ಮಂಡಿ ತರಚಿಕೊಂಡರೆ "ಮಣ್ಣು ಹಚ್ಕೊಂಡು ಓಡು" ಅನ್ನುವ ಹೆಂಗಸು. ಆದರೆ ಒಂದೇ ಒಂದು ಮಾತಿಗೆ ಹೆದರುತ್ತಿದ್ದಳು: ಮಗಳು ನಯನಾಳಿಗೆ ಪಕ್ಷಪಾತ ಮಾಡುತ್ತಾಳೆ ಅನ್ನುವ ಮಾತಿಗೆ.

ಜಿಲ್ಲಾ ಪಂದ್ಯಕ್ಕೆ ಎಂಟು ಜನ ಖಾಯಂ ಆಗಿದ್ದರು. ಒಂಬತ್ತನೇ ಜಾಗಕ್ಕೆ ನಯನಾಳೋ, ಕೊಪ್ಪಳ ಕಡೆಯಿಂದ ಬಂದ ಸ್ಮಿತಾಳೋ? ಬಾಯಿಮಾತು ಬೇಡ, ಗಡಿಯಾರವೇ ಹೇಳಲಿ ಎಂದುಕೊಂಡಳು. ಅದೇ ಎಂಟು ಜನರ ಜೊತೆ ಒಬ್ಬೊಬ್ಬಳಿಗೂ ಬೆನ್ನಟ್ಟುವ ಒಂದು ಸರದಿ, ಒಂಬತ್ತು ನಿಮಿಷ. ಎದುರಿಗೆ ಎರಡು ಸಲವೂ ಅದೇ ಒಂಬತ್ತು ಓಟಗಾರ್ತಿಯರು, ಮೂರು ಮೂರು ಜನರಂತೆ, ಅದೇ ಕ್ರಮದಲ್ಲಿ. ಒಬ್ಬಳನ್ನು ಔಟ್ ಮಾಡಲು ಸರಾಸರಿ ಯಾರಿಗೆ ಕಡಿಮೆ ಹೊತ್ತು ಹಿಡಿಯುತ್ತದೋ ಅವಳಿಗೆ ಜಾಗ.

ಸ್ಮಿತಾ ಇದ್ದಾಗ ಎಂಟು ಔಟ್, ಎಂಟನೆಯದು ಏಳು ನಿಮಿಷ ಹನ್ನೆರಡು ಸೆಕೆಂಡಿಗೆ. ತಲಾ ಐವತ್ತನಾಲ್ಕು ಸೆಕೆಂಡು. ನಯನಾ ಇದ್ದಾಗ ಒಂಬತ್ತು ಔಟ್, ಕೊನೆಯದು ಎಂಟು ನಿಮಿಷ ಐವತ್ತೊಂದಕ್ಕೆ. ತಲಾ ಐವತ್ತೊಂಬತ್ತು.

"ಸ್ಮಿತಾ" ಎಂದಳು ಗಂಗರತ್ನಮ್ಮ, ಎದೆಯ ಮೇಲಿನ ಕಲ್ಲು ಇಳಿದಂತೆ. ನಯನಾ ತುಟಿಕಚ್ಚಿ ಶೂ ಬಿಚ್ಚತೊಡಗಿದಳು. ಖೋ-ಖೋ ಸಂಘದ ಕಾರ್ಯದರ್ಶಿ ಅಶ್ವತ್ಥಪ್ಪ ಮೆಚ್ಚಿ ತಲೆಯಾಡಿಸಿದರು. ತಾನೆಂಥ ನ್ಯಾಯವಂತೆ ಎಂದು ಗಂಗರತ್ನಮ್ಮನಿಗೇ ಹೆಮ್ಮೆಯೆನಿಸಿತು.

ಸ್ಮಿತಾ ಮಾತ್ರ ಕದಲಲಿಲ್ಲ.

"ಮೇಡಂ, ಎಂಟನೇದಾಕಿ ಔಟ್ ಆದ್ಮ್ಯಾಲೆ ನಾವ್ ಸುಮ್ನ ಕುಂತಿದ್ದಿಲ್ರಿ. ಉಳದಾಕಿ ಒಬ್ಬಾಕೀನ ಬೆನ್ನಹತ್ತಿ ಓಡೇ ಓಡೀವಿ. ಸೀಟಿ ಹೊಡಿಯೋತನಕಾ ಸಿಗ್ಲಿಲ್ಲಾಕಿ. ಆ ಹೊತ್ತು ಲೆಕ್ಕದಾಗ ಎಲ್ಲಿ ಐತ್ರಿ?"

ಗಂಗರತ್ನಮ್ಮ ಬರೆದಿಟ್ಟ ಲೆಕ್ಕವನ್ನು ಮತ್ತೆ ನೋಡಿದಳು. ಔಟ್ ಆದಾಗಲೆಲ್ಲ ಗಡಿಯಾರ ನೋಡಿದ್ದಳು. ಯಾರೂ ಔಟಾಗದ ಕೊನೆಯ ಹೊತ್ತನ್ನು ಗಾಳಿಗೆ ಬಿಟ್ಟಿದ್ದಳು. ಹಿಡಿಯಲಾಗದ ಓಟಗಾರ್ತಿ ತಿಂದ ಸಮಯವೂ ಸರದಿಯದ್ದೇ ಅಲ್ಲವೇ? ಪೂರ್ತಿ ಒಂಬತ್ತು ನಿಮಿಷವನ್ನು ಹಂಚಿದಳು. ಸ್ಮಿತಾಳ ಸರದಿಗೆ ತಲಾ ಅರವತ್ತೇಳೂವರೆ ಸೆಕೆಂಡು, ನಯನಾಳದಕ್ಕೆ ಸರಿಯಾಗಿ ಅರವತ್ತು.

ಇಷ್ಟು ಸುಲಭದ ತಪ್ಪು ಕಣ್ಣಿಗೆ ಬೀಳದ್ದೇಕೆ? ಬೀಳದಿರಲಿ ಎಂದೇ ಮನಸ್ಸು ಕಾದಿತ್ತು. ಊರ ಬಾಯಿಗೆ ಹೆದರಿ ಹೆತ್ತ ಮಗಳಿಗೇ ಅನ್ಯಾಯ ಮಾಡಿ, ಅದಕ್ಕೆ ನ್ಯಾಯವೆಂದು ಹೆಸರಿಟ್ಟಿದ್ದಳು. ಅವಳಿಗೆ ನಾಚಿಕೆಯಾಯಿತು.

"ಲೆಕ್ಕ ತಪ್ಪಿದ್ದು ನಾನೇ. ನಯನಾ ಆಡ್ತಾಳೆ. ಸ್ಮಿತಾ ಬದಲಿ ಆಟಗಾರ್ತಿ" ಎಂದಳು ಎಲ್ಲರೆದುರು.

ಅಶ್ವತ್ಥಪ್ಪ ಮೀಸೆಯಡಿ ನಕ್ಕರು. "ಸುತ್ತಿ ಬಳಸಿ ಕೊನೆಗೆ ಮಗಳೇ ಬಂದ್ಳು ಅನ್ನಿ."

ಇಷ್ಟು ವರ್ಷ ಅಂಜಿದ್ದ ಮಾತು ಕೊನೆಗೂ ಬಂದೇಬಿಟ್ಟಿತ್ತು.

"ಹೌದು ಕಣ್ರೀ, ನನ್ ಮಗಳೇ" ಎಂದಳು ಗಂಗರತ್ನಮ್ಮ. ಆಮೇಲೆ ನಯನಾಳ ಕಡೆ ತಿರುಗಿದಳು. "ಶೂ ಹಾಕ್ಕೊಳೇ."