ಪಟ್ಟಿಗೆ ಬಾರದ ಬೆಲ್ಲದ ಚೂರು

ಕಳೆದ ಚೌತಿಯ ಹಬ್ಬ ಮುಗಿದ ವಾರ ಸಾಗರದ ಡಾಕ್ಟರು ನನ್ನ ಮೊಣಕಾಲನ್ನು ಮಡಿಸಿ, ಬಿಡಿಸಿ, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ನಾಲ್ಕು ಕಿಲೋ ಇಳಿಸಿದರೆ ಈ ಕಾಲು ಇನ್ನೂ ಕೆಲವು ವರ್ಷ ನಿಮ್ಮ ಮಾತು ಕೇಳುತ್ತದೆ ಎಂದರು. ಆಲೆಮನೆ ಶುರುವಾಗುವ ಹೊತ್ತಿಗೆ ನನಗೆ ಕೆಳಗೆ ಕೂರಲು ಆಗಬೇಕು ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ತೊಡೆದೇವಿನ ಕಥೆ ಹೇಳಬೇಕಾಗುತ್ತಿತ್ತು. ಹೊರಗೆ ಕ್ಯೂ ಉದ್ದವಿತ್ತು.

ತೊಡೆದೇವು ನಮ್ಮ ಕಡೆಯ ಸಿಹಿತಿಂಡಿ; ಅದು ನಿಂತು ಮಾಡುವ ಕೆಲಸವಲ್ಲ. ನೆಲದೊಲೆಯ ಮೇಲೆ ಬೋರಲು ಹಾಕಿದ ಗಡಿಗೆ, ಅದರ ಕಾದ ಬೆನ್ನಿಗೆ ಅಕ್ಕಿಹಿಟ್ಟು ಮತ್ತು ಹೊಸ ಬೆಲ್ಲದ ತೆಳು ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ಎಳೆತಕ್ಕೆ ಬಳಿಯಬೇಕು. ಕಾಗದದಂತೆ ಎದ್ದದ್ದನ್ನು ಮುರಿಯುವ ಮೊದಲೇ ಮಡಿಸಬೇಕು. ಅಮ್ಮನ ಕೈಯಿಂದ ಅದು ನನ್ನ ಕೈಗೆ ಬಂತು. ಹಿಂದಿನ ವರ್ಷ ಮೊಣಕಾಲು ನೋವೆಂದು ಗಡಿಗೆಯನ್ನು ಅಟ್ಟದಿಂದ ಇಳಿಸಲೇ ಇಲ್ಲ. ಎರಡನೆಯ ವರ್ಷವೂ ಇಳಿಯದಿದ್ದರೆ ಮೂರನೆಯ ವರ್ಷ ಅದರ ನೆನಪೂ ಆಗುವುದಿಲ್ಲ ಎಂಬ ಭಯ ನನ್ನದು.

ಹಾಗಾಗಿ ಒಂದು ನೋಟ್‌ಬುಕ್ ತೆಗೆದೆ. ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ ಏಳು ವರ್ಷ ಕಳೆದವಳಿಗೆ ಕಷ್ಟ ಬಂದಾಗ ಮೊದಲು ನೆನಪಾಗುವುದು ಸ್ಕೇಲು, ಪೆನ್ಸಿಲ್ ಮತ್ತು ನೀಟಾದ ಮಾರ್ಜಿನ್. ಬೆಳಿಗ್ಗೆ, ಮಧ್ಯಾಹ್ನ, ಟೀ ಟೈಮ್, ರಾತ್ರಿ ಎಂದು ಕಾಲಮ್ಮು ಎಳೆದೆ. ಸಕ್ಕರೆಗೆ ಬೇರೆ, ಬೆಲ್ಲಕ್ಕೆ ಬೇರೆ ಬಣ್ಣ. ಬೆಲ್ಲದಲ್ಲಿ ಕ್ಯಾಲೊರಿ ಕಡಿಮೆ ಎಂದು ಫೋನಿಗೆ ಯಾರೋ ಕಳಿಸಿದ್ದರು; ಮನೆಯ ಸಕ್ಕರೆ ಡಬ್ಬಿಯನ್ನು ಅಂದೇ ಮೇಲಿನ ಶೆಲ್ಫಿಗೆ ಏರಿಸಿದೆ. ಕಷಾಯಕ್ಕೆ ಬೆಲ್ಲ, ಪಾಯಸಕ್ಕೆ ಬೆಲ್ಲ, ದೋಸೆಗೆ ಮೊದಲಿನಿಂದಲೂ ಜೇನಿನಂತೆ ಸುರಿಯುವ ಜೋನಿ ಬೆಲ್ಲವೇ. ಬರೆಯುವಾಗ ಚಮಚಕ್ಕೆ ಇಷ್ಟು ಕ್ಯಾಲೊರಿ ಉಳಿಯಿತು ಎಂದು ಪಕ್ಕದಲ್ಲಿ ಟಿಕ್ ಹಾಕುತ್ತಿದ್ದೆ. ಟಿಕ್ ಜಾಸ್ತಿಯಾದ ದಿನ ದೋಸೆಗೆ ಇನ್ನಷ್ಟು ಜೋನಿ ಬಡಿಸಿಕೊಳ್ಳುತ್ತಿದ್ದೆ. ನಮ್ಮನೆಯವರು ಪೇಪರಿನ ಹಿಂದಿನಿಂದ ನೋಡುತ್ತಿದ್ದರು.

ಬೆಲ್ಲದ ವಿಷಯದಲ್ಲಿ ನನಗೆ ಹಳೆಯ ಪಕ್ಷಪಾತವೂ ಉಂಟು. ಬೋರ್ಡಿಂಗ್‌ನಲ್ಲಿ ಬೆಳಗಿನ ಗಂಜಿಗೆ ಬಿಳಿ ಸಕ್ಕರೆ ಉದುರಿಸಿ ಅದನ್ನು ಪಾರಿಜ್ ಎನ್ನುತ್ತಿದ್ದರು. ಮೊದಲ ವರ್ಷ ಅಮ್ಮ ಒಂದು ಡಬ್ಬಿ ಜೋನಿ ಬೆಲ್ಲ ಕಟ್ಟಿ ಕಳಿಸಿದ್ದಳು. ಅದು ಟ್ರಂಕಿನಲ್ಲಿ ಸೋರಿ, ಯೂನಿಫಾರ್ಮಿಗೆ ಅಂಟಿ, ಸಿಸ್ಟರ್ ಮೂಗು ಮುರಿದು ಡಬ್ಬಿಯನ್ನು ಒಯ್ದರು. ಆ ಸ್ಕರ್ಟನ್ನು ಮೂರು ದಿನ ತೊಳೆಯದೆ ರಾತ್ರಿ ಮೂಸಿ ಮಲಗುತ್ತಿದ್ದೆ. ಇಂಗ್ಲಿಷು ಚೆನ್ನಾಗಿ ಬಂತು. ಆ ಪಾರಿಜಿನ ರುಚಿ ಮಾತ್ರ ಬಾಯಿಗೆ ಹತ್ತಲೇ ಇಲ್ಲ.

ಆರು ವಾರ ಕಳೆದರೂ ತೂಕ ನೂರು ಗ್ರಾಮೂ ಇಳಿಯಲಿಲ್ಲ. ಮಷೀನ್ ಕೆಟ್ಟಿದೆ ಎಂದು ಅಕ್ಕಿಯ ಚೀಲ ಇಟ್ಟು ನೋಡಿದೆ, ಸರಿಯಾಗಿಯೇ ತೋರಿಸಿತು.

ಅಷ್ಟರಲ್ಲಿ ತೀರ್ಥಹಳ್ಳಿಯಿಂದ ತಂಗಿ ಬಂದಳು. ಅವಳು ಕಾಲೇಜಿನಲ್ಲಿ ಹೋಮ್ ಸೈನ್ಸ್ ಕಲಿಸಿ ರಿಟೈರ್ ಆದವಳು. ಎಲ್ಲಿಗೆ ಹೋದರೂ ಅಡುಗೆ ಮನೆಯ ತಕ್ಕಡಿ ಅವಳ ಬ್ಯಾಗಿನಲ್ಲಿರುತ್ತದೆ. ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿ, “ಹ್ಯಾಂಡ್‌ರೈಟಿಂಗ್ ಚಂದ ಇದ್ದು” ಎಂದಳು. ಅವಳು ಹೊಗಳಿದರೆ ನನಗೆ ಹೆದರಿಕೆ.

ಊಟದ ಮೇಜಿನ ಮೇಲೆ ತಕ್ಕಡಿ ಇಟ್ಟಳು. ಮಟ್ಟಸ ಮಾಡಿದ ಒಂದು ಚಿಕ್ಕ ಚಮಚ ಸಕ್ಕರೆ ನಾಲ್ಕು ಗ್ರಾಂ ತೂಗಿತು. ಅದೇ ಚಮಚದಲ್ಲಿ, ನೀನು ದಿನಾ ತೆಗೆದುಕೊಳ್ಳುವ ರೀತಿಯಲ್ಲೇ ಜೋನಿ ತೆಗೆ ಎಂದಳು. ತೆಗೆದೆ. ಅಂಚಿನಿಂದ ಇಳಿಯುತ್ತಿದ್ದದ್ದೂ ಸೇರಿ ಒಂಬತ್ತು ಗ್ರಾಂ. ಜೋನಿಯಲ್ಲಿ ನೀರಿನಂಶ ಇದೆ, ಆದ್ದರಿಂದ ಗ್ರಾಮಿಗೆ ಕ್ಯಾಲೊರಿ ಕಡಿಮೆ. ಆದರೆ ಚಮಚ ಇಷ್ಟು ಭಾರವಾದಾಗ ಚಮಚಕ್ಕೆ ಜಾಸ್ತಿಯೇ ಆಯಿತು ಎಂದು ವಿವರಿಸಿದಳು. ಅಚ್ಚು ಬೆಲ್ಲದ್ದೂ ಹೇಳಿದಳು: ಸಕ್ಕರೆ ನೂರು ಗ್ರಾಮಿಗೆ ನಾನೂರರ ಹತ್ತಿರ, ಬೆಲ್ಲ ಮುನ್ನೂರ ಎಂಬತ್ತರ ಆಸುಪಾಸು. ಚಮಚಕ್ಕೆ ಇಳಿಸಿದರೆ ಒಂದು ಕ್ಯಾಲೊರಿಯ ವ್ಯತ್ಯಾಸವೂ ಇಲ್ಲ. ಸಿಹಿ ಸ್ವಲ್ಪ ಕಡಿಮೆ ಎಂದು ಇನ್ನೊಂದು ಚೂರು ಹಾಕಿಕೊಂಡರೆ ಅದೂ ಹೋಯಿತು.

“ದಿನಕ್ಕೆ ಐದು ಚಮಚ ಅಂದ್ರೂ ತಿಂಗಳಿಗೆ ನೀ ಉಳಿಸಿದ್ದು ಒಂದು ತುಪ್ಪದ ದೋಸೆ ಅಕ್ಕಾ. ಅದಕ್ಕೆ ಎರಡು ಬಣ್ಣದ ಪೆನ್ನು ಬೇರೆ.”

ಬೆಲ್ಲದಲ್ಲಿ ಕಬ್ಬಿಣ ಇದೆಯಲ್ಲ ಎಂದೆ. ಇದೆ, ಸ್ವಲ್ಪ ಇದೆ, ರುಚಿಗೆ ತಿನ್ನು, ತೂಕಕ್ಕೆ ಅಂತ ತಿನ್ನಬೇಡ ಎಂದಳು. ಪೇಪರಿನ ಹಿಂದಿನಿಂದ ಒಂದು ಕೆಮ್ಮು ಬಂತು.

ಅದೇ ಹೊತ್ತಿಗೆ ಹಾಲು ತರುವ ಹೆಂಗಸು ಜಗುಲಿಗೆ ಬಂದಳು. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಆಸರಿಗೆ ಕೊಡುವುದು ಪದ್ಧತಿ, ದಣಿದು ಬಂದವರ ಬಾಯಾರಿಕೆಗೆ ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ. ಬಂದವರು ಒಬ್ಬರೇ ತಿನ್ನಬಾರದು ಎಂದು ಕೊಟ್ಟವರೂ ಒಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತೇವೆ. ಹಾಕಿಕೊಂಡೆ. ತಿರುಗಿದರೆ ತಂಗಿ ನೋಟ್‌ಬುಕ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಅಕ್ಕಾ, ಈ ಬೆಲ್ಲ ಇದ್ರಲ್ಲಿ ಎಲ್ಲಿದ್ದು?”

“ಅದ್ನ ಬರದ್ದಿಲ್ಲೆ. ಅದು ತಿಂದಿದ್ದಲ್ಲ, ಆಸರಿಗೆ.”

ಹೇಳಿದ ಮೇಲೆ ನನಗೇ ನಗು ಬಂತು. ನಿಜವಾಗಿಯೂ ಅದನ್ನು ಆಹಾರ ಎಂದು ನಾನು ಒಂದು ದಿನವೂ ಅಂದುಕೊಂಡಿರಲಿಲ್ಲ. ಹಾಲಿನವಳು, ಪೋಸ್ಟಿನವರು, ಗ್ಯಾಸ್ ತರುವವರು, ಸಂಜೆ ಸುಮ್ಮನೆ ಬರುವ ಪಕ್ಕದ ಮನೆಯವರು: ದಿನಕ್ಕೆ ನಾಲ್ಕು ತುಂಡು ಗ್ಯಾರಂಟಿ. ತಂಗಿ ಒಂದನ್ನು ತೂಗಿದಳು, ಹದಿನೈದು ಗ್ರಾಂ. ನಾಲ್ಕಕ್ಕೆ ಇನ್ನೂರ ಮೂವತ್ತರ ಹತ್ತಿರ ಕ್ಯಾಲೊರಿ. ಚಮಚದ ಮುಕ್ಕಾಲು ಕ್ಯಾಲೊರಿಯನ್ನು ಹಿಡಿಯಲು ಬಣ್ಣದ ಪೆನ್ನು ತಂದವಳು ಇದನ್ನು ಆರು ವಾರ ಕೈಯಾರೆ ಬಾಯಿಗೆ ಹಾಕಿಕೊಂಡಿದ್ದೆ. ಬೋರ್ಡಿಂಗ್‌ನ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ನಾನು ಯಾವಾಗಲೂ ಫಸ್ಟ್ ಬರುತ್ತಿದ್ದೆ.

ಮರುದಿನ ಹಾಲಿನವಳಿಗೆ ಬೆಲ್ಲ ಕೊಟ್ಟು ನಾನು ಬರೀ ನೀರು ಕುಡಿದೆ. ಅವಳು ತುಂಡನ್ನು ತಟ್ಟೆಯಲ್ಲೇ ಬಿಟ್ಟಳು.

“ನೀವ್ ತಗಳ್ದೆ ನಂಗೊಬ್ಳಿಗೇ ಎಂತಕ್ಕೆ ಅಮ್ಮಾ?”

ಮೊಣಕಾಲು, ತೂಕ, ಡಾಕ್ಟರು ಎಂದು ವಿವರಿಸಿದೆ. ಅವಳು ಸಮಾಧಾನವಾಗಿ ಕೇಳಿ, ಬೆಲ್ಲದ ಡಬ್ಬಿಗೆ ತಾನೇ ಕೈ ಹಾಕಿ, ತಳದಲ್ಲಿದ್ದ ಮೆಣಸಿನ ಕಾಳಿನಷ್ಟು ಚೂರನ್ನು ಆರಿಸಿ ನನ್ನ ಅಂಗೈಗೆ ಇಟ್ಟಳು. “ಇಷ್ಟಾದ್ರೆ ಆಯ್ತಲ್ಲ” ಎಂದು ತನ್ನ ತುಂಡನ್ನು ಕಡಿದಳು. ಅಂದಿನಿಂದ ಅದೇ ಅಳತೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಪೋಸ್ಟಿನವರಂತೂ ಗಮನಿಸಲೇ ಇಲ್ಲ.

ಸಕ್ಕರೆ ಡಬ್ಬಿ ಕೆಳಗಿನ ಶೆಲ್ಫಿಗೆ ಇಳಿಯಿತು. ಕಾಫಿಗೆ ಸಕ್ಕರೆ, ಕಷಾಯಕ್ಕೆ ಬೆಲ್ಲ, ಯಾವುದಕ್ಕೆ ಯಾವುದು ರುಚಿಯೋ ಅದು, ಎರಡೂ ಅಳತೆಯಲ್ಲಿ. ನೋಟ್‌ಬುಕ್ಕಿನಲ್ಲಿ ಈಗ ಸಿಹಿಗೆ ಒಂದೇ ಕಾಲಮ್ಮು, ಒಂದೇ ಬಣ್ಣ.

ಮಾಘದಲ್ಲಿ ಹೊಸನಗರದ ಕಡೆಯ ಆಲೆಮನೆಯಿಂದ ಹೊಸ ಜೋನಿ ಬಂತು. ಆ ಹೊತ್ತಿಗೆ ಮೂರು ಕಿಲೋ ಇಳಿದಿತ್ತು, ನಾಲ್ಕಲ್ಲ. ನಮ್ಮವರು ಅಟ್ಟದಿಂದ ಗಡಿಗೆ ಇಳಿಸಿ ಒರೆಸಿದರು. ತಂಗಿ ತೀರ್ಥಹಳ್ಳಿಯಿಂದ ಬಂದು ಹಿಟ್ಟು ರುಬ್ಬಿದಳು. ನಾನು ಗೋಡೆ ಹಿಡಿದು, ಒಂದು ಕೈ ಅವಳ ಹೆಗಲ ಮೇಲಿಟ್ಟು, ಗೇಣೆತ್ತರದ ಮಣೆಯ ಮೇಲೆ ಕೂತೆ. ಅಮ್ಮ ಬರೀ ನೆಲದ ಮೇಲೆ ಕೂರುತ್ತಿದ್ದಳು. ಆ ಒಂದು ಗೇಣು ಇಳಿಯದ ಆ ನಾಲ್ಕನೆಯ ಕಿಲೋಗೆ ಎಂದುಕೊಂಡೆ.

ಮೊದಲನೆಯದು ಹರಿದುಹೋಯಿತು. ಎರಡನೆಯದೂ ಹರಿದುಹೋಯಿತು. ಮೂರನೆಯದು ಗಡಿಗೆಯ ಬೆನ್ನಿನಿಂದ ತಾನಾಗಿ ಎದ್ದು ಬಂತು, ಹಿಂದಿನ ಉರಿ ಕಾಣುವಷ್ಟು ತೆಳ್ಳಗೆ. ಮಡಿಸಿ ತಂಗಿಯ ಕೈಗೆ ಕೊಟ್ಟೆ. ಅವಳು ಅದನ್ನು ತಕ್ಕಡಿಯ ಕಡೆ ಒಯ್ಯಲಿಲ್ಲ. ಮುರಿದು ಅರ್ಧ ನನ್ನ ಬಾಯಿಗಿಟ್ಟಳು.